ಟಿಬಿ ವಾಸಿಯಾದ ಕಥೆ ಹೇಳೋಕೆ ಕರೆದಿದ್ದಾರೆ. ಎಲ್ಲಿವರೆಗೆ ಹೇಳಲಿ?

ಏಲಕ್ಕಿತೋಟ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು. ಊರು ಹೇಳಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ. ನನಗೆ ಶ್ವಾಸಕೋಶದ ಟಿಬಿ ಆಗಿತ್ತು. ಹೋದ ಜೂನ್‌ನಲ್ಲಿ ಮಾತ್ರೆ ಮುಗಿಯಿತು, ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಈಗ ಆರಾಮಾಗಿದ್ದೇನೆ.

ಮಾರ್ಚ್ 24 ಟಿಬಿ ದಿನ. ಅವತ್ತು ಪಂಚಾಯಿತಿ ಹಾಲ್‌ನಲ್ಲಿ ಹದಿನೈದು ನಿಮಿಷ ಮಾತಾಡಿ ಅಂತ ಆಸ್ಪತ್ರೆಯವರು ಕೇಳಿದ್ದಾರೆ. ನನಗೂ ಮಾತಾಡಬೇಕು ಅಂತ ಮನಸ್ಸಿದೆ. ನನಗೆ ಕಾಯಿಲೆ ಬಂದಾಗ ವಾಸಿಯಾದವರು ಒಬ್ಬರೂ ಕಣ್ಣಿಗೆ ಬಿದ್ದಿರಲಿಲ್ಲ. ಇದ್ದರು, ಆದರೆ ಯಾರೂ ಬಾಯಿ ಬಿಡಲಿಲ್ಲ.

ತೊಂದರೆ ಏನೆಂದರೆ, ಹೋದ ತಿಂಗಳು ನಮ್ಮ ಸ್ವಸಹಾಯ ಸಂಘದಲ್ಲಿ ಒಮ್ಮೆ ಹೇಳಿ ನೋಡಿದೆ. ಹತ್ತು ಹನ್ನೆರಡು ಹೆಂಗಸರು, ಎಲ್ಲರೂ ಪರಿಚಯದವರೇ. ಚೆನ್ನಾಗಿಯೇ ಹೋಯಿತು. ಕೊನೆಗೆ ಒಬ್ಬರು "ಟಿಬಿ ಇದ್ದವರಿಗೆ ಎಚ್‌ಐವಿ ಟೆಸ್ಟ್ ಮಾಡುತ್ತಾರಂತೆ ಅಲ್ವಾ, ನಿನಗೆ ಮಾಡಿದರಾ?" ಅಂದರು. ನಾನು ಯೋಚನೆ ಮಾಡದೆ "ಮಾಡಿದರು, ಇಲ್ಲ ಅಂತ ಬಂತು" ಅಂದೆ. ಅಷ್ಟೇ. ನನಗೆ ಅದು ದೊಡ್ಡ ವಿಷಯ ಅನ್ನಿಸಲೂ ಇಲ್ಲ.

ಅದೇ ಸಂಘದಲ್ಲಿ ಇನ್ನೊಬ್ಬರು ಟಿಬಿ ಮಾತ್ರೆ ತಗೊಳ್ಳುತ್ತಿದ್ದಾರೆ. ಅದು ಕೆಲವರಿಗೆ ಗೊತ್ತು. ಮುಂದಿನ ವಾರದಿಂದ ಅವರು ಸಂಘಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದೆ. "ನೀನು ಹೇಳಿಬಿಟ್ಟೆ. ಈಗ ನನ್ನನ್ನೂ ಕೇಳುತ್ತಾರೆ. ನಾನು ಹೇಳದಿದ್ದರೆ ಏನು ಅಂದುಕೊಳ್ಳುತ್ತಾರೆ?" ಅಂದರು. ಕೈಯಲ್ಲಿ ಅಕ್ಕಿ ಚೀಲ ಇತ್ತು, ಅದನ್ನು ಕೆಳಗೆ ಇಡದೆ ನಿಂತುಕೊಂಡೇ ಅಷ್ಟು ಹೇಳಿ ಹೋದರು. ನಾನು ಎರಡು ದಿನ ನಿದ್ದೆ ಮಾಡಲಿಲ್ಲ.

ಸುಳ್ಳು ಹೇಳಬಾರದು. ಆದರೆ ಎಲ್ಲ ಹೇಳಲೂ ಬಾರದು. ಇವೆರಡರ ನಡುವೆ ಹೇಗೆ ನಿಲ್ಲಬೇಕು? ಅನುಭವ ಇದ್ದವರು ಹೇಳಿ.

ಕಾಫಿಹೂ

ಅಕ್ಕ, ಮಾತಾಡಿ. ಹಾಲ್‌ನಲ್ಲಿ ಕೂತವರಲ್ಲಿ ಒಬ್ಬರಾದರೂ ಕೆಮ್ಮು ಮುಚ್ಚಿಟ್ಟುಕೊಂಡು ಬಂದಿರುತ್ತಾರೆ.

ರೋಬಸ್ಟಾ ರೈತ

ನನ್ನ ಅಭಿಪ್ರಾಯ ಬೇರೆ. ಹೇಳುವುದಾದರೆ ಪೂರ್ತಿ ಹೇಳಬೇಕು, ಇಲ್ಲ ಅಂದರೆ ಸುಮ್ನೆ ಇರಬೇಕು. ಅರ್ಧ ಹೇಳಿದರೆ ಜನ ಉಳಿದರ್ಧ ತಾವೇ ಸೇರಿಸಿಕೊಳ್ಳುತ್ತಾರೆ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ ಇದ್ದಿದ್ದನ್ನು ಮನೆಯಲ್ಲಿ ಮುಚ್ಚಿಟ್ಟರು. ಕಾಲಿನ ಗಾಯ ವಾಸಿಯಾಗದೆ ಮಂಗಳೂರಿಗೆ ಕರೆದುಕೊಂಡು ಹೋದಾಗ ಊರಲ್ಲಿ ಏನೇನೋ ಕಥೆ ಹುಟ್ಟಿತು. ಮೊದಲೇ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಮತ್ತೆ ಇವರ ವಿಷಯದಲ್ಲಿ ಇಲ್ಲ ಅಂತ ಬಂದಿದ್ದನ್ನು ಇಲ್ಲ ಅಂದರೆ ಏನು ತಪ್ಪು? ನಿಜ ತಾನೆ ಹೇಳಿದ್ದು?

ಹಳೇ ಸೂಪರ್‌ವೈಸರ್

ನಾನು ಟಿಬಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೈಕ್‌ನಲ್ಲಿ ಊರೂರು ಸುತ್ತಿ ಮಾತ್ರೆ ಎಣಿಸಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರೈತರೇ, ಆ ತಾಯಿ ಹೇಳಿದ್ದು ನಿಜವೇ. ತೊಂದರೆ ಆಗಿದ್ದು ನಿಜ ಹೇಳಿದ್ದರಿಂದಲ್ಲ. ಟಿಬಿ ಅಂತ ಗೊತ್ತಾದ ಪ್ರತಿಯೊಬ್ಬರಿಗೂ ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ ಅಂತ ಹೇಳುತ್ತೇವೆ. ಅನುಮಾನಕ್ಕಲ್ಲ. ಎರಡರಲ್ಲಿ ಯಾವುದಿದ್ದರೂ ಚಿಕಿತ್ಸೆ ನೋಡಿಕೊಳ್ಳುವ ರೀತಿ ಬೇರೆ, ಅದಕ್ಕೆ. ಹೀಗಾಗಿ ಟಿಬಿ ಆದವರು ಒಂದು ಊರಲ್ಲಿ ನಾಲ್ಕು ಜನ ಇದ್ದರೆ ನಾಲ್ವರ ಹತ್ತಿರವೂ ಒಂದು ಉತ್ತರ ಇರುತ್ತದೆ. ಮೂವರು "ನನಗಿಲ್ಲ" ಅಂತ ಹೇಳಿಕೊಂಡು ಓಡಾಡಿದರೆ ನಾಲ್ಕನೆಯವರ ಬಾಯಿ ಮುಚ್ಚಿದ್ದೇ ಉತ್ತರ ಆಗಿಬಿಡುತ್ತದೆ. ಅವರಿಗೆ ಇರಲಿ ಇಲ್ಲದಿರಲಿ.

ಅದಕ್ಕೆ ನನ್ನ ಸಲಹೆ ಇಷ್ಟು. ಒಳ್ಳೆಯ ಉತ್ತರ ಇದ್ದಾಗಲೂ ಹೇಳಬೇಡಿ. ಒಳ್ಳೆಯದಿದ್ದಾಗ ಹೇಳಿ, ಕೆಟ್ಟದಿದ್ದಾಗ ಮುಚ್ಚಿದರೆ ಅದು ಗುಟ್ಟು ಕಾಯ್ದಂತೆ ಅಲ್ಲ. ಬೀಗ ಹಾಕಿದ ಮನೆ ಯಾವುದು ಅಂತ ಬೆರಳು ಮಾಡಿ ತೋರಿಸಿದಂತೆ. "ಟಿಬಿ ಇದ್ದ ಎಲ್ಲರಿಗೂ ಆ ಟೆಸ್ಟ್ ಮಾಡುತ್ತಾರೆ, ನನಗೂ ಮಾಡಿದರು, ಏನು ಬಂತು ಅಂತ ನಾನು ಹೇಳಲ್ಲ" ಅನ್ನಿ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಕೇಳಿದವರಿಗೆ ಬೇಕಾದ ವಿಷಯವೂ ಸಿಕ್ಕಿತು, ಟೆಸ್ಟ್ ಎಲ್ಲರಿಗೂ ಮಾಡುತ್ತಾರೆ ಅಂತ.

ರೋಬಸ್ಟಾ ರೈತ

ಸರ್, ನೀವು ಹೇಳಿದ್ದು ಅರ್ಥ ಆಯಿತು. ಆದರೆ ಸಭೆಯಲ್ಲಿ "ಹೇಳಲ್ಲ" ಅಂದ ಕೂಡಲೇ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಮ್ಮ ಜನ ನನಗೆ ಗೊತ್ತು. ಅದರಲ್ಲೂ ಈಕೆ ಈಗಾಗಲೇ ಒಂದು ಸಲ ಹೇಳಿಯಾಗಿದೆ. ಈಗ ಹೇಳಲ್ಲ ಅಂದರೆ "ಮತ್ತೆ ಟೆಸ್ಟ್ ಮಾಡಿಸಿದಳು ಅಂತ ಕಾಣುತ್ತೆ" ಅನ್ನುವವರೂ ಇರುತ್ತಾರೆ.

ಹಳೇ ಸೂಪರ್‌ವೈಸರ್

ಮುಖ ನೋಡುತ್ತಾರೆ, ಹೌದು. ಅದಕ್ಕೇ ಪ್ರಶ್ನೆ ಬರುವವರೆಗೆ ಕಾಯಬಾರದು. ಮಾತು ಶುರು ಮಾಡುವಾಗಲೇ ಹೇಳಿಬಿಡಬೇಕು. ಯಾರೂ ಕೇಳದಿದ್ದಾಗ ಹೇಳಿದರೆ ಅದು ನಿಯಮ. ಕೇಳಿದ ಮೇಲೆ ಹೇಳಿದರೆ ತಪ್ಪಿಸಿಕೊಂಡಂತೆ ಕಾಣುತ್ತದೆ. ಮಾತು ಅದೇ, ಹೇಳುವ ಹೊತ್ತು ಬೇರೆ.

ಆದರೆ ಈಗಾಗಲೇ ಒಂದು ಸಲ ಹೇಳಿದ್ದಾರಲ್ಲ, ಅದಕ್ಕೆ ನನ್ನ ಹತ್ತಿರವೂ ಪೂರ್ತಿ ಉತ್ತರ ಇಲ್ಲ.

ಮಳೆಗಾಲ

ಇಷ್ಟೆಲ್ಲ ಯಾಕೆ? ಕಾನೂನು ಪ್ರಕಾರ ಕಾಯಿಲೆ ವಿಷಯ ಯಾರಿಗೂ ಹೇಳಬೇಕಾಗಿಲ್ಲ. ಟಿಬಿ ಆಗಲಿ ಎಚ್‌ಐವಿ ಆಗಲಿ. 2017ರಲ್ಲೇ ಕಾಯ್ದೆ ಬಂದಿದೆ. 

ಹಳೇ ಸೂಪರ್‌ವೈಸರ್

ಅರ್ಧ ಸರಿ. 2017ರ ಕಾಯ್ದೆ ಎಚ್‌ಐವಿಗೆ ಸಂಬಂಧಪಟ್ಟದ್ದು. ನಿನಗೆ ಇದೆಯಾ ಇಲ್ಲವಾ ಹೇಳು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ, ಅದು ನಿಜ. ಟಿಬಿ ಲೆಕ್ಕ ಬೇರೆ. ಟಿಬಿ ಕಂಡುಹಿಡಿದ ಡಾಕ್ಟರು, ಖಾಸಗಿಯವರಾದರೂ ಸರಿ, ಸರ್ಕಾರಕ್ಕೆ ತಿಳಿಸಲೇಬೇಕು. 2012ರಿಂದ ಹಾಗಿದೆ. ಮನೆಯವರಿಗೂ ಗೊತ್ತಾಗಬೇಕು, ಯಾಕೆಂದರೆ ಅವರನ್ನು ಪರೀಕ್ಷೆ ಮಾಡಬೇಕು. ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿದ್ದರೆ ಅದು ಇನ್ನೂ ಮುಖ್ಯ. ಕೆಮ್ಮಿನಲ್ಲಿ ರೋಗಾಣು ಬರುತ್ತಿರುವಾಗ "ಇದು ನನ್ನ ಸ್ವಂತ ವಿಷಯ" ಅಂತ ಪಕ್ಕದಲ್ಲಿ ಮಲಗಿದವರಿಂದ ಮುಚ್ಚಿಡೋಕೆ ಆಗಲ್ಲ.

ಆದರೆ ಹಾಗೆ ಹೇಳಲೇಬೇಕಾದ ಸಾಲ ಮನೆಯವರಿಗೆ ಮಾತ್ರ, ಊರಿಗಲ್ಲ. ಮಾತ್ರೆಗೆ ಬಗ್ಗುವ ಟಿಬಿ ಆದರೆ ಚಿಕಿತ್ಸೆ ಶುರುವಾಗಿ ಕೆಲವೇ ವಾರದಲ್ಲಿ ಹರಡುವುದು ತುಂಬಾ ಕಡಿಮೆಯಾಗುತ್ತದೆ. ಏಲಕ್ಕಿತೋಟ ಅವರದು ಮುಗಿದೇ ಹೋಗಿದೆ. ಅವರು ಈಗ ಹೇಳುತ್ತಿರುವುದು ಕೊಡಬೇಕಾದ ಬಾಕಿ ಅಲ್ಲ, ತಾವಾಗಿ ಕೊಡುತ್ತಿರುವುದು. ಕೊಡುವವರು ಎಷ್ಟು ಅಂತ ತಾವೇ ಅಳೆಯಬಹುದು.

ಕುಶಾಲನಗರದವನು

ನನಗೂ ಮೂರು ವಾರದಿಂದ ಕೆಮ್ಮು ಇದೆ, ಇದನ್ನು ಹೇಳಬೇಕಾ ಬೇಡವಾ? ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೆಡಿಕಲ್‌ನಲ್ಲಿ ಸಿರಪ್ ತಗೊಂಡೆ. ರಾತ್ರಿ ಸ್ವಲ್ಪ ಬೆವರುತ್ತದೆ.

ಕಾಫಿಹೂ

ಅಣ್ಣ, ಇಲ್ಲಿ ಮಾತು ಬೇರೆ ನಡೀತಾ ಇದೆ. ಆದರೆ ನೀವು ಮೊದಲು ಆಸ್ಪತ್ರೆಗೆ ಹೋಗಿ!

ಹಳೇ ಸೂಪರ್‌ವೈಸರ್

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ನಾಳೆಯೇ ಹೋಗಿ. ಕೆಮ್ಮೆಲ್ಲ ಟಿಬಿ ಅಲ್ಲ, ಆದರೆ ಸಿರಪ್ ಕುಡಿದು ಕಾಯುತ್ತಾ ಕೂರಬೇಡಿ.

ಲೈನ್‌ಮನೆ

ನಾನು ಗೋಣಿಕೊಪ್ಪ ಕಡೆ. ನನಗೆ ಕೆಲವು ವರ್ಷದ ಹಿಂದೆ ಟಿಬಿ ಆಗಿತ್ತು. ಆಗ ತಿಂಗಳಿಗೆ 500 ರೂಪಾಯಿ ಬ್ಯಾಂಕಿಗೆ ಬರುತ್ತಿತ್ತು, ಈಗ 1000 ಮಾಡಿದ್ದಾರಂತೆ. ವಾಸಿಯಾದ ಮೇಲೆ ನಾನೂ ಮಾತಾಡಿದೆ. ರೈತರು ಹೇಳಿದ ಹಾಗೆ ಪೂರ್ತಿಯೇ ಹೇಳಿದೆ. ಯಾವ ಎಸ್ಟೇಟು, ಯಾವ ವರ್ಷ, ಮನೆಯಲ್ಲಿ ಎಷ್ಟು ಜನ, ಯಾರಿಗೆ ಏನು ಮಾತ್ರೆ ಕೊಟ್ಟರು, ಎಲ್ಲ. ನನಗೆ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ.

ಆದರೆ ನನ್ನ ಹೆಂಡತಿಗೆ ತಡೆ ಮಾತ್ರೆ ಕೊಟ್ಟಿದ್ದರು. ಕಾಯಿಲೆ ಇರಲಿಲ್ಲ, ಬರದೇ ಇರಲಿ ಅಂತ ಕೊಡುವುದು. ನಾನು ಸಭೆಯಲ್ಲಿ "ಮನೆಯವಳಿಗೂ ಮಾತ್ರೆ ಕೊಟ್ಟರು" ಅಂದೆ. ಜನರ ಕಿವಿಗೆ ಬಿದ್ದದ್ದು "ಅವಳಿಗೂ ಟಿಬಿ" ಅಂತ. ಅವಳು ಒಬ್ಬರ ಮನೆಯಲ್ಲಿ ಅಡುಗೆಗೆ ಹೋಗುತ್ತಿದ್ದಳು. ಬೇಡ ಅಂದುಬಿಟ್ಟರು. ಆಮೇಲೆ ನಾನು ಮನೆ ಮನೆಗೆ ಹೋಗಿ ಇಲ್ಲ ಅವಳಿಗೆ ಇರಲಿಲ್ಲ ಅಂತ ಹೇಳಿದರೆ ಯಾರು ಕೇಳುತ್ತಾರೆ? ಯಾರೋ ಫೋನ್‌ನಲ್ಲಿ ವಿಡಿಯೋ ಮಾಡಿದ್ದರು, ಅದು ಈಗಲೂ ವಾಟ್ಸಾಪ್‌ನಲ್ಲಿ ಸುತ್ತುತ್ತಾ ಇದೆ. ಹೋದ ವರ್ಷ ಮಗನಿಗೆ ಹೆಣ್ಣು ನೋಡೋಕೆ ಹೋದಾಗ ಆ ಕಡೆಯವರು ಅದನ್ನೇ ತೋರಿಸಿದರು.

ನನ್ನ ಕಾಯಿಲೆ ನನ್ನದು, ಅದನ್ನು ಹಂಚಬಹುದಿತ್ತು. ಅವಳ ಮಾತ್ರೆ ಅವಳದು. ಅವಳನ್ನು ಒಂದು ಮಾತು ಕೇಳಬೇಕಿತ್ತು.

ರೋಬಸ್ಟಾ ರೈತ

ಅಣ್ಣ, ಇದನ್ನು ಓದಿ ಮನಸ್ಸಿಗೆ ಕಷ್ಟ ಆಯಿತು. ಪೂರ್ತಿ ಹೇಳಬೇಕು ಅಂದ ನನ್ನ ಮಾತನ್ನು ಸ್ವಲ್ಪ ಹಿಂದಕ್ಕೆ ತಗೊಳ್ಳುತ್ತೇನೆ. ನಮ್ಮ ಕೊಡಗಿನಲ್ಲಿ ಮನೆ ಹೆಸರು ಒಂದು ಹೇಳಿದರೆ ಸಾಕು, ಅಜ್ಜನವರೆಗೆ ಲೆಕ್ಕ ಹಾಕುತ್ತಾರೆ. ಒಬ್ಬರ ಕಥೆ ಅಂತ ಇಲ್ಲಿ ಯಾವುದೂ ಇಲ್ಲ.

ಮಡಿಕೇರಿ ಟೀಚರ್

ವಿಡಿಯೋ ವಿಷಯ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಸಭೆಯ ದಿನ ಮೈಕ್ ಮುಂದೆ ನಿಂತು "ರೆಕಾರ್ಡ್ ಮಾಡಬೇಡಿ" ಅಂದರೆ ಅರ್ಧ ಜನ ಕೇಳಲ್ಲ. ಕರೆದವರೇ ಮೊದಲು ಹೇಳಬೇಕು. ಅದನ್ನು ಹೇಳಿದರೆ ಮಾತ್ರ ಬರುತ್ತೇನೆ ಅಂತ ಈಗಲೇ ಅವರಿಗೆ ತಿಳಿಸಿ. ಇನ್ನೊಂದು, ಫೋಟೋಗೆ ಅಂತ ಚಿಕಿತ್ಸಾ ಕಾರ್ಡ್ ಎತ್ತಿ ಹಿಡಿಯಬೇಡಿ. ಅದರಲ್ಲಿ ನಿಮ್ಮ ಹೆಸರು, ವಿಳಾಸ, ನಂಬರ್ ಎಲ್ಲ ಇರುತ್ತದೆ, ಜೂಮ್ ಮಾಡಿದರೆ ಓದಬಹುದು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಡಾಕ್ಟರ್ ಬಂದಾಗ ಹಾಗೆ ಮಾಡುತ್ತೇವೆ. ಡಬ್ಬಿಯಲ್ಲಿ ಚೀಟಿ ಹಾಕುತ್ತಾರೆ, ನರ್ಸ್ ಓದುತ್ತಾರೆ. ಕಾಯಿಲೆಯ ಬಗ್ಗೆ ಇದ್ದರೆ ನರ್ಸ್ ಉತ್ತರ ಕೊಡುತ್ತಾರೆ, ನಿಮ್ಮ ಬಗ್ಗೆ ಇದ್ದರೆ ನಿಮಗೆ ಬೇಕಾದರೆ ನೀವು ಕೊಡಬಹುದು. ಹೀಗೆ ಮಾಡಿದರೆ ಎದ್ದು ನಿಂತು ಕೇಳೋಕೆ ನಾಚಿಕೆ ಪಡುವವರೂ ಕೇಳುತ್ತಾರೆ.

ಏಲಕ್ಕಿತೋಟ

ಎಲ್ಲರಿಗೂ ಥ್ಯಾಂಕ್ಸ್. ಲೈನ್‌ಮನೆ ಅಣ್ಣ, ನೀವು ಬರೆದಿದ್ದನ್ನು ಮೂರು ಸಲ ಓದಿದೆ. ಚೀಟಿ ವಿಷಯ ಆಸ್ಪತ್ರೆಯವರಿಗೆ ಹೇಳಿದೆ, ಒಪ್ಪಿದರು.

ಈಗ ಇನ್ನೊಂದು ಕಷ್ಟದ್ದು ಕೇಳುತ್ತೇನೆ. ನಾನು ನಡುವೆ ಹನ್ನೊಂದು ದಿನ ಮಾತ್ರೆ ಬಿಟ್ಟಿದ್ದೆ. ಮೂರನೇ ತಿಂಗಳು. ಕೆಮ್ಮು ನಿಂತಿತ್ತು. 41 ಕೆಜಿ ಇದ್ದವಳು 44 ಆಗಿದ್ದೆ. ರೋಬಸ್ಟಾ ಕೊಯ್ಲು ನಡೆಯುತ್ತಿತ್ತು, ಬೆಳಗ್ಗೆ ಮೂರು ಮಾತ್ರೆ ನುಂಗಿದರೆ ಹತ್ತು ಗಂಟೆವರೆಗೆ ವಾಂತಿ ಬಂದಂತೆ ಆಗುತ್ತಿತ್ತು. "ವಾಸಿಯಾಗಿದೆಯಲ್ಲ, ಇನ್ನು ಯಾಕೆ ಆ ವಿಷ" ಅಂತ ಮನೆಯಲ್ಲಿ ಅತ್ತೆ ಅಂದರು. ಅವರು ಕೆಟ್ಟವರಲ್ಲ. ನನ್ನ ಒದ್ದಾಟ ನೋಡೋಕೆ ಆಗದೆ ಅಂದಿದ್ದು. ನಾನು ಬಿಟ್ಟೆ. ಮಾತ್ರೆ ಶೀಟ್‌ಗಳನ್ನು ಅಕ್ಕಿ ಡ್ರಮ್ ಹಿಂದೆ ಇಟ್ಟೆ. ಆಶಾ ಅಕ್ಕ ಬಂದು ಶೀಟ್ ತೋರಿಸು ಅಂದಾಗ ಸಿಕ್ಕಿಬಿದ್ದೆ. ಡಾಕ್ಟರು ಬೈಯಲಿಲ್ಲ. ಇನ್ನೊಮ್ಮೆ ಕಫ ಪರೀಕ್ಷೆ ಮಾಡಿಸಿದರು. ಬಿಟ್ಟ ದಿನಗಳನ್ನು ಕೊನೆಗೆ ಸೇರಿಸಿದರು.

ಇದನ್ನು ಹೇಳಬೇಕು ಅನ್ನಿಸುತ್ತದೆ. ಇದನ್ನು ಬಿಟ್ಟು "ಆರು ತಿಂಗಳು ತಪ್ಪದೆ ನುಂಗಿದೆ, ವಾಸಿಯಾಯಿತು" ಅಂದರೆ ಅದು ಸುಳ್ಳು. ಆದರೆ ಅತ್ತೆ ಹಾಲ್‌ನಲ್ಲೇ ಕೂತಿರುತ್ತಾರೆ.

ಹಳೇ ಸೂಪರ್‌ವೈಸರ್

ತಾಯೀ, ಇದನ್ನು ಹೇಳಲೇಬೇಕು. ನಿಮ್ಮ ಕಥೆಯಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಮಾತ್ರೆ ಬಿಡುವವರಲ್ಲಿ ಎಷ್ಟೋ ಜನ ಕಾಯಿಲೆ ಜಾಸ್ತಿ ಇರುವಾಗ ಬಿಡಲ್ಲ, ಆರಾಮ ಅನ್ನಿಸಿದಾಗ ಬಿಡುತ್ತಾರೆ. ಕೆಮ್ಮು ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ. ಒಳಗೆ ಉಳಿದ ರೋಗಾಣು ಸತ್ತಿರಲ್ಲ. ಹಾಗೆ ಬಿಟ್ಟು ಬಿಟ್ಟು ತಗೊಂಡರೆ ಅದೇ ಮಾತ್ರೆಗೆ ಬಗ್ಗದ ಟಿಬಿ ಆಗಬಹುದು, ಆಗ ಬೇರೆ ಔಷಧಿ, ಬೇರೆ ಲೆಕ್ಕ. ನಾನು ನೂರು ಸಲ ಹೇಳಿದರೂ ಜನ ತಲೆ ಆಡಿಸಿ ಮರೆಯುತ್ತಾರೆ. ನೀವು ಅಕ್ಕಿ ಡ್ರಮ್ ಹಿಂದೆ ಇಟ್ಟೆ ಅಂದರೆ ತಾವೂ ಎಲ್ಲಿ ಇಟ್ಟಿದ್ದೇವೆ ಅಂತ ಕೆಲವರಿಗೆ ನೆನಪಾಗುತ್ತದೆ.

ಕಾಫಿಹೂ

ಅತ್ತೆ ಅಂದರು ಅನ್ನಬೇಡಿ. "ನಾನು ಬಿಟ್ಟೆ" ಅನ್ನಿ ಸಾಕು.

ಮಳೆಗಾಲ

ಅದು ಹೇಗೆ ಸರಿ? ಮನೆಯವರ ಮಾತು ಕೇಳಿ ಬಿಟ್ಟದ್ದು ತಾನೆ? ಮನೆಯವರೇ ನಿಲ್ಲಿಸುವುದು ಎಷ್ಟೋ ಕಡೆ ಇರುವ ತೊಂದರೆ. ಅದನ್ನು ಮುಚ್ಚಿದರೆ ಕೇಳುವವರಿಗೆ ಮುಖ್ಯ ವಿಷಯವೇ ಗೊತ್ತಾಗಲ್ಲ.

ಮಡಿಕೇರಿ ಟೀಚರ್

"ಸಾಕು ಬಿಡು ಅನ್ನುವ ಮಾತು ಬಂತು, ನಾನು ಬಿಟ್ಟೆ" ಅಂದರೆ?

ರೋಬಸ್ಟಾ ರೈತ

ಟೀಚರೇ, ಯಾರು ಅಂದರು ಅಂತ ಮುಂದಿನ ಕ್ಷಣವೇ ಎಲ್ಲರೂ ಅತ್ತೆ ಕಡೆ ತಿರುಗಿ ನೋಡುತ್ತಾರೆ. ಮನೆಯಲ್ಲಿ ಇರುವುದೇ ಮೂರು ಜನ ಆದರೆ ಹೆಸರು ಹೇಳದಿದ್ದರೂ ಹೇಳಿದಂತೆಯೇ.

ಲೈನ್‌ಮನೆ

ಅತ್ತೆಯನ್ನೇ ಕೇಳಿಬಿಡಿ ತಂಗಿ. ನಾನು ಕೇಳದೆ ಕೆಟ್ಟೆ.

ಏಲಕ್ಕಿತೋಟ

ಕೇಳಿದೆ. ನಿನ್ನೆ ರಾತ್ರಿ ಒಲೆ ಮುಂದೆ ಕೂತಿದ್ದಾಗ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ನಾನು ಅಂದೆ ಅಂತ ಹೇಳಬೇಡ. ಆದರೆ ಬಿಟ್ಟಿದ್ದು ತಪ್ಪಾಯಿತು ಅಂತ ಹೇಳು" ಅಂದರು. ಹಾಗೇ ಮಾಡುತ್ತೇನೆ. ಮಳೆಗಾಲ ಅವರು ಹೇಳಿದ್ದೂ ನಿಜವೇ, ಅದು ನನಗೆ ಇನ್ನೂ ಕೊರೆಯುತ್ತದೆ. ಆದರೆ ಬಿಡುವ ತೀರ್ಮಾನ ಮಾಡಿದ್ದು ನನ್ನ ಕೈಯೇ. "ನಾನು ಬಿಟ್ಟೆ" ಅನ್ನುವುದು ಸುಳ್ಳಲ್ಲ.

ಶುರುವಿಗೆ ಹೀಗೆ ಬರೆದುಕೊಂಡಿದ್ದೇನೆ, ನೋಡಿ ತಿದ್ದಿ:

"ನನಗೆ ಟಿಬಿ ಆಗಿತ್ತು, ಈಗ ವಾಸಿಯಾಗಿದೆ. ಕೆಮ್ಮು ಹೇಗೆ ಶುರುವಾಯಿತು, ಮಾತ್ರೆ ಹೇಗಿತ್ತು, ನಾನು ಎಲ್ಲಿ ತಪ್ಪಿದೆ, ಎಲ್ಲ ಹೇಳುತ್ತೇನೆ. ನನ್ನ ಬೇರೆ ಟೆಸ್ಟ್‌ಗಳಲ್ಲಿ ಏನು ಬಂತು ಅಂತ ಹೇಳಲ್ಲ, ಯಾಕೆಂದರೆ ಹಿಂದೆ ಒಮ್ಮೆ ಹೇಳಿ ಬೇರೆಯವರಿಗೆ ನೋವಾಯಿತು. ಮನೆಯವರ ವಿಷಯವೂ ಹೇಳಲ್ಲ. ನನ್ನಿಂದ ಮನೆಯಲ್ಲಿ ಯಾರಿಗೂ ಬಂದಿಲ್ಲ. ಮೊದಲು ಆರು ವಾರ ನಾಟಿ ಕಷಾಯ ಕುಡಿದೆ..."

ಹಳೇ ಸೂಪರ್‌ವೈಸರ್

ಎರಡು ಕಡೆ ಕತ್ತರಿ ಹಾಕಿ. "ಬೇರೆಯವರಿಗೆ ನೋವಾಯಿತು" ತೆಗೆಯಿರಿ. ಯಾರಿಗೆ ಅಂತ ಹುಡುಕುತ್ತಾರೆ, ಸಂಘದವರಿಗೆ ಎರಡು ನಿಮಿಷ ಸಾಕು. ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಆ ಕಾರಣದ ಮೇಲೆ ಚರ್ಚೆ ಶುರುವಾಗುತ್ತದೆ.

ಎರಡನೆಯದು, "ಮನೆಯವರ ವಿಷಯ ಹೇಳಲ್ಲ" ಅಂದ ಮರುಕ್ಷಣವೇ "ಯಾರಿಗೂ ಬಂದಿಲ್ಲ" ಅಂತ ಹೇಳಿದ್ದೀರಿ. ಎಚ್‌ಐವಿಯದ್ದೇ ತಪ್ಪು ಇಲ್ಲೂ ಆಗಿದೆ. ಇನ್ನೊಬ್ಬರ ಮನೆಯಲ್ಲಿ ಮಗುವಿಗೆ ಬಂದಿರುತ್ತದೆ, ಅವರು ಈ ಸಾಲು ಕೇಳಿ ಕುಗ್ಗುತ್ತಾರೆ. "ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು, ಎಲ್ಲರ ಮನೆಯಲ್ಲೂ ಮಾಡುತ್ತಾರೆ, ಮಾಡಿಸಿಕೊಳ್ಳಿ" ಅನ್ನಿ. ಅಲ್ಲಿಗೆ ನಿಲ್ಲಿಸಿ.

ಏಲಕ್ಕಿತೋಟ

ಅಯ್ಯೋ, ಅದು ಕಣ್ಣಿಗೇ ಬೀಳಲಿಲ್ಲ. ಒಳ್ಳೆಯ ಸುದ್ದಿ ಅಂತ ಖುಷಿಯಲ್ಲಿ ಬರೆದಿದ್ದೆ.

ಕಾಫಿಹೂ

ಕಷಾಯ ವಿಷಯ ಬೇಡ ಅಕ್ಕ. ಯಾವ ಕಷಾಯ, ಯಾರು ಕೊಟ್ಟರು ಅಂತಲೇ ಕೇಳುತ್ತಾರೆ. ಕೊನೆಗೆ ಕಷಾಯದಿಂದಲೇ ವಾಸಿಯಾಯಿತು ಅಂತ ಹೊರಡುತ್ತದೆ.

ರೋಬಸ್ಟಾ ರೈತ

ನಾಟಿ ಔಷಧಿಯನ್ನು ಸುಮ್ನೆ ದೂರಬೇಡಿ. ನಮ್ಮ ಅಜ್ಜಿ ಎಷ್ಟೋ ಜನರ ಕೆಮ್ಮು ನಿಲ್ಲಿಸಿದ್ದಾರೆ.

ಹಳೇ ಸೂಪರ್‌ವೈಸರ್

ಯಾರೂ ದೂರುತ್ತಿಲ್ಲ ರೈತರೇ. ಶೀತದ ಕೆಮ್ಮಿಗೆ ಅಜ್ಜಿ ಕಷಾಯ ನಾನೂ ಕುಡಿಯುತ್ತೇನೆ. ಇಲ್ಲಿ ಆರು ವಾರ ಹೋಯಿತು, ಮಾತು ಅಷ್ಟೇ. ನನ್ನ ಪ್ರಕಾರ ಹೇಳಬೇಕು, ಆದರೆ ಕೊಟ್ಟವರ ಗುರುತು ಬೇಡ. "ಆರು ವಾರ ಮನೆಮದ್ದಿನಲ್ಲೇ ಕಳೆದೆ" ಅಂದರೆ ಯಾರಿಗೂ ಬೊಟ್ಟು ಮಾಡಿದಂತೆ ಆಗಲ್ಲ. ಎಷ್ಟು ದಿನ ತಡವಾಯಿತು ಅನ್ನುವುದು ಕೇಳುವವರಿಗೆ ಬೇಕು.

ಮಳೆಗಾಲ

ಊಟದ ಬಗ್ಗೆ ಹೇಳಿ ಮೇಡಂ, ಮೊಟ್ಟೆ, ಹಂದಿ ಮಾಂಸ ಎಲ್ಲ ತಿಂದಿರಾ? ನಮ್ಮ ಚಿಕ್ಕಪ್ಪನಿಗೆ ಪಥ್ಯ ಅಂತ ಬರೀ ಗಂಜಿ ಕೊಡುತ್ತಿದ್ದಾರೆ.

ಏಲಕ್ಕಿತೋಟ

ಗಂಜಿ ಮಾತ್ರ ಬೇಡ, ಪಾಪ. ನನಗೆ ಎಲ್ಲ ತಿನ್ನು ಅಂದಿದ್ದರು. ಮೊಟ್ಟೆ, ಮೀನು, ಬೇಳೆ, ಅಕ್ಕಿ ರೊಟ್ಟಿ. ಬರುತ್ತಿದ್ದ ಸಾವಿರ ರೂಪಾಯಿ ಮೊಟ್ಟೆಗೇ ಹೋಯಿತು. ಹಾಗೇ ಒಂದು ಹೇಳುತ್ತೇನೆ, ಮೊದಲ ದಿನ ಮಾತ್ರೆ ನುಂಗಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ಬಂತು. ರಕ್ತ ಅಂದುಕೊಂಡು ಬಚ್ಚಲಲ್ಲೇ ಕುಸಿದು ಕೂತೆ. ಅದು ಮಾತ್ರೆಯ ಬಣ್ಣ ಅಂತ ಆಮೇಲೆ ಗೊತ್ತಾಯಿತು. ಇದನ್ನು ಹಾಲ್‌ನಲ್ಲಿ ಹೇಳಲಾ? ನಾಚಿಕೆ ಆಗುತ್ತದೆ.

ಹಳೇ ಸೂಪರ್‌ವೈಸರ್

ಹೇಳಿ. ಅದನ್ನು ನೋಡಿ ಹೆದರಿ ಎರಡನೇ ದಿನವೇ ಮಾತ್ರೆ ನಿಲ್ಲಿಸಿದವರನ್ನು ಕಂಡಿದ್ದೇನೆ. ಚಿಕ್ಕಪ್ಪನಿಗೆ ಕಣ್ಣು ಮಂಜಾದರೆ, ಕಣ್ಣು ಹಳದಿಯಾದರೆ ಮಾತ್ರ ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅದು ಬಣ್ಣದ ಮಾತಲ್ಲ.

ಏಲಕ್ಕಿತೋಟ

ಮುಗಿಸಿ ಬಂದೆ. ಮಾರ್ಚ್ 24, ರಾತ್ರಿ ಒಂಬತ್ತು ಗಂಟೆ. ಹೇಗಾಯಿತು ಅಂತ ಬರೆಯುತ್ತೇನೆ.

ಅರವತ್ತು ಜನ ಇರಬಹುದು. ಫೋನ್ ಒಳಗಿಡಿ ಅಂತ ಆಸ್ಪತ್ರೆಯವರೇ ಮೊದಲು ಹೇಳಿದರು. ಹೆಚ್ಚಿನವರು ಇಟ್ಟರು. ನಾನು ಶುರುವಲ್ಲೇ ಹೇಳಿದೆ, "ಟಿಬಿ ಆದ ಎಲ್ಲರಿಗೂ ಬೇರೆ ಎರಡು ಟೆಸ್ಟ್ ಮಾಡುತ್ತಾರೆ, ಮನೆಯವರನ್ನೂ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಏನು ಬಂತು ಅಂತ ನಾನು ಹೇಳಲ್ಲ" ಅಂತ. ಹೇಳುವಾಗ ಧ್ವನಿ ಸ್ವಲ್ಪ ನಡುಗಿತು. ಆದರೆ ಯಾರೂ ಮುಖ ನೋಡಿಕೊಳ್ಳಲಿಲ್ಲ. ಮುಂದಿನ ಮಾತಿಗೆ ಹೋದೆ.

ಅಕ್ಕಿ ಡ್ರಮ್ ಮಾತು ಬಂದಾಗ ಹಾಲ್ ಪೂರ್ತಿ ನಿಶ್ಶಬ್ದ ಆಯಿತು. ಅತ್ತೆ ಎರಡನೇ ಸಾಲಿನಲ್ಲಿ ಸೆರಗು ಹಿಡಿದು ಕೂತಿದ್ದರು. ನಾನು ಅವರ ಕಡೆ ನೋಡಲಿಲ್ಲ, ಬೇಕಂತಲೇ.

ಚೀಟಿಗಳು ಹದಿನಾಲ್ಕು ಬಂದವು. ಒಂದರಲ್ಲಿ ಅದೇ ಎಚ್‌ಐವಿ ಪ್ರಶ್ನೆ. ನರ್ಸ್ ಓದಿ "ಟೆಸ್ಟ್ ಎಲ್ಲರಿಗೂ ಮಾಡುತ್ತೇವೆ, ಉತ್ತರ ಯಾರದ್ದೂ ಹೇಳಲ್ಲ" ಅಂತ ಮುಂದಿನ ಚೀಟಿ ತೆಗೆದರು. ಅಷ್ಟು ಸುಲಭ ಇತ್ತು. ಒಬ್ಬ ಹಿರಿಯರು ಮಾತ್ರ ಎದ್ದು ನಿಂತು "ನಿನಗೆ ಯಾರಿಂದ ಬಂತು?" ಅಂದರು. ಅದಕ್ಕೆ ನಾನು ತಯಾರಾಗಿರಲಿಲ್ಲ. "ಗೊತ್ತಿಲ್ಲ ಮಾವ" ಅಂದೆ. ಅದು ನಿಜ. ಆದರೆ ಗೊತ್ತಿದ್ದರೆ ಏನು ಹೇಳುತ್ತಿದ್ದೆ ಅಂತ ಬರುವ ದಾರಿ ಪೂರ್ತಿ ಯೋಚಿಸಿದೆ. ಗೊತ್ತಿಲ್ಲದವರು ಗೊತ್ತಿಲ್ಲ ಅಂದರೆ, ಗೊತ್ತಿರುವವರು ಸಿಕ್ಕಿಬೀಳುತ್ತಾರೆ ಅಲ್ವಾ? ಇಲ್ಲೂ ಅದೇ ತಪ್ಪು ಮಾಡಿದೆ ಅನ್ನಿಸುತ್ತದೆ.

ಹಳೇ ಸೂಪರ್‌ವೈಸರ್

ಹೌದು, ಅದೂ ಅದೇ ಜಾತಿಯ ಪ್ರಶ್ನೆ. ಮುಂದಿನ ಸಲ "ಗಾಳಿಯಿಂದ ಬರುವ ಕಾಯಿಲೆ, ಯಾರಿಂದ ಅಂತ ನಾವು ಹುಡುಕೋದು ಬೈಯೋಕೆ ಅಲ್ಲ, ಪರೀಕ್ಷೆ ಮಾಡಿಸೋಕೆ" ಅಂತ ನರ್ಸ್ ಕೈಲಿ ಹೇಳಿಸಿ. ನೀವು ಉತ್ತರ ಕೊಡಬೇಡಿ.

ರೋಬಸ್ಟಾ ರೈತ

ಸಂಘದ ಆ ಹೆಂಗಸು ಬಂದಿದ್ದರಾ?

ಏಲಕ್ಕಿತೋಟ

ಬಂದಿರಲಿಲ್ಲ. ಅವರ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕು ಅಂತ ಇದೆ. ಆದರೆ ನಾನು ಅವರ ಮನೆ ಮೆಟ್ಟಿಲು ಹತ್ತಿದರೆ ಅಕ್ಕಪಕ್ಕದವರು ಅದಕ್ಕೂ ಅರ್ಥ ಕಟ್ಟುತ್ತಾರೆ. ಆಶಾ ಅಕ್ಕನ ಹತ್ತಿರ ಕೇಳಿದೆ, ಮಾತ್ರೆ ಬಿಟ್ಟಿಲ್ಲವಂತೆ. ಅಷ್ಟೇ ಹೇಳಿದರು. ಅದನ್ನೂ ಅವರು ಹೇಳಬಾರದಿತ್ತು, ನಾನು ಕೇಳಲೂ ಬಾರದಿತ್ತು. ಮಡಿಕೇರಿಯ ಶುಕ್ರವಾರದ ಸಂತೆಗೆ ಅವರು ಬರುತ್ತಾರೆ, ಅಲ್ಲಿ ಗದ್ದಲದಲ್ಲಿ ಸಿಕ್ಕಿದರೆ ಮಾತಾಡುತ್ತೇನೆ.

ಕುಶಾಲನಗರದವನು

ನಾನು ಇವತ್ತು ಹೋಗಿ ಕಫ ಕೊಟ್ಟು ಬಂದೆ. ಹೆಂಡತಿಗೆ ಹೇಳಿದೆ, ಬೇರೆ ಯಾರಿಗೂ ಇಲ್ಲ. ಇನ್ನೊಂದು ಡಬ್ಬಿ ಕೊಟ್ಟಿದ್ದಾರೆ.

ಹಳೇ ಸೂಪರ್‌ವೈಸರ್

ಅದು ನಾಳೆ ಬೆಳಗ್ಗೆಯದಕ್ಕೆ. ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಮನೆಯಿಂದ ಹೊರಗೆ ನಿಂತು, ಆಳವಾಗಿ ಉಸಿರು ಎಳೆದು ಕೆಮ್ಮಿ. ಎಂಜಲು ಬೇಡ, ಎದೆಯಿಂದ ಬಂದ ಕಫ ಬೇಕು. ಮುಚ್ಚಳ ಬಿಗಿಯಾಗಿ ಹಾಕಿ, ತಡ ಮಾಡದೆ ತಲುಪಿಸಿ. ಏನು ಬಂತು ಅಂತ ಇಲ್ಲಿ ಬರೆಯಬೇಕಾಗಿಲ್ಲ.